ಅವಧಿ ಮುಗಿದ ಕಡಲೆಹಿಟ್ಟು ಕಳಿಸಿದ್ದೀರಿ: ಹಣ ವಾಪಸಾತಿ ಕೋರಿ ದೂರು

ಮೈಸೂರು
16-06-2025

ಗ್ರಾಹಕರ ದೂರು ವಿಭಾಗದ ಅಧಿಕಾರಿಗಳಿಗೆ,

ವಿಷಯ: ಆರ್ಡರ್ ಸಂಖ್ಯೆ 40718263, ಕಡಲೆಹಿಟ್ಟು 500 ಗ್ರಾಂ, ಬೆಲೆ 62 ರೂಪಾಯಿ

ನಮಸ್ಕಾರ.

ಶನಿವಾರ, ಜೂನ್ 14ರ ಸಂಜೆ ನಿಮ್ಮ ಆಪ್‌ನಲ್ಲಿ ದಿನಸಿ ತರಿಸಿದ್ದೆ. ಬೇಳೆ, ಬೆಲ್ಲ, ಎಣ್ಣೆ ಎಲ್ಲ ಸರಿಯಾಗೇ ಬಂತು. ಕಡಲೆಹಿಟ್ಟಿನ ಪ್ಯಾಕೆಟ್ ಮಾತ್ರ ಮೇ 18ಕ್ಕೇ ಅವಧಿ ಮುಗಿದದ್ದು.

ಬಜ್ಜಿಗೆ ಅಂತ ಪ್ಯಾಕೆಟ್ ಕತ್ತರಿಸಿದ ಕೂಡಲೇ ಕಮಟು ವಾಸನೆ ಹೊಡೆಯಿತು. ಜರಡಿ ಹಿಡಿದರೆ ಹಿಟ್ಟು ಜಾಲುಗಟ್ಟಿ ಗಂಟುಗಂಟಾಗಿ ಮೇಲೇ ಉಳಿಯಿತು, ಜೊತೆಗೆ ಎರಡು ಹುಳ. ಆಮೇಲೆ ತಾರೀಖು ಹುಡುಕಿದೆ. ಪ್ಯಾಕೆಟ್ಟಿನ ಹಿಂದೆ, ಕೆಳ ಅಂಚಿನಲ್ಲಿ ಅದು ಇತ್ತು. ಆದರೆ ಅದರ ಮೇಲೇ ನಿಮ್ಮ ಆಫರ್ ಸ್ಟಿಕ್ಕರ್ ಅಂಟಿಸಿದ್ದರು. ಉಗುರಲ್ಲಿ ಕೆರೆದು ತೆಗೆದ ಮೇಲೇ ಓದಲು ಆಗಿದ್ದು. ಬೇಕಂತಲೇ ಮುಚ್ಚಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಸ್ಟಿಕ್ಕರ್ ಅಂಟಿಸಿದವರ ಕಣ್ಣಿಗೆ ಆ ತಾರೀಖು ಬಿದ್ದಿರಲೇಬೇಕು, ಅಲ್ವಾ?

ಆಪ್‌ನ ಚಾಟ್‌ನಲ್ಲಿ ಫೋಟೋ ಹಾಕಿ ಹೇಳಿದೆ. ನಿಮ್ಮ ಸಿಬ್ಬಂದಿ, ಪ್ಯಾಕೆಟ್ ಒಡೆದಿರುವುದರಿಂದ ವಾಪಸ್ ತಗೊಳ್ಳಲ್ಲ, ಬೇಕಾದರೆ 30 ರೂಪಾಯಿ ಕೂಪನ್ ಕೊಡ್ತೀವಿ ಅಂದರು. ಒಡೆಯದೆ ಒಳಗಿನ ಹುಳ ಕಾಣುವುದು ಹೇಗೆ?

ಕೂಪನ್ ಬೇಡ. ಪೂರ್ತಿ 62 ರೂಪಾಯಿಯನ್ನು ನಾನು ಪಾವತಿಸಿದ ಯುಪಿಐ ಖಾತೆಗೇ ಹಾಕಿ, ನಿಮ್ಮ ವ್ಯಾಲೆಟ್‌ಗಲ್ಲ. ಮೊತ್ತ ದೊಡ್ಡದಲ್ಲ, ನನಗೂ ಗೊತ್ತು. ಆದರೆ ಅದೇ ಬ್ಯಾಚಿನ ಪ್ಯಾಕೆಟ್‌ಗಳು ನಿಮ್ಮ ಗೋದಾಮಿನಲ್ಲಿ ಇನ್ನೂ ಇರಬಹುದು. ಇವತ್ತೇ ತೆಗೆಸಿ. ಮುಂದೆ ತಾರೀಖಿನ ಮೇಲೆ ಯಾವ ಸ್ಟಿಕ್ಕರ್ರೂ ಬೀಳದ ಹಾಗೆ ನೋಡಿಕೊಳ್ಳಿ. ಚೀಲಕ್ಕೆ ತುಂಬುವವರು ತಾರೀಖು ನೋಡಿಯೇ ತುಂಬಲಿ. ಹತ್ತು ನಿಮಿಷದಲ್ಲಿ ಮನೆಗೆ ಅಂತ ಅವರನ್ನು ಓಡಿಸಿದರೆ ತಾರೀಖು ನೋಡಲು ಪುರುಸೊತ್ತಾದರೂ ಎಲ್ಲಿ? ಎರಡು ನಿಮಿಷ ತಡವಾದರೆ ನನಗೇನೂ ಬೇಜಾರಿಲ್ಲ. ತಂದುಕೊಟ್ಟ ಹುಡುಗನ ತಪ್ಪು ಇದರಲ್ಲಿ ಏನೂ ಇಲ್ಲ, ಸುಮ್ನೆ ಅವನ ಸಂಬಳಕ್ಕೆ ಕತ್ತರಿ ಹಾಕಬೇಡಿ.

ಅವಧಿ ಮುಗಿಯಲು ಕನಿಷ್ಠ 45 ದಿನ, ಇಲ್ಲವೇ ಒಟ್ಟು ಬಾಳಿಕೆಯ ಶೇ 30ರಷ್ಟಾದರೂ ಉಳಿದಿರುವ ಪದಾರ್ಥವನ್ನೇ ಮನೆಗೆ ತಲುಪಿಸಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲೇ ಆನ್‌ಲೈನ್ ಅಂಗಡಿಗಳಿಗೆ ಹೇಳಿದೆ. ನೀವು ಕಳಿಸಿದ್ದು ಮುಗಿದು ತಿಂಗಳಾಗುತ್ತಾ ಬಂದ ಮಾಲು.

2020ರ ಇ-ಕಾಮರ್ಸ್ ನಿಯಮದಂತೆ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹಾಗಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಪ್ಯಾಕೆಟ್, ಬಿಲ್ಲು, ಕಿತ್ತ ಸ್ಟಿಕ್ಕರ್ ಮೂರನ್ನೂ ಎತ್ತಿಟ್ಟಿದ್ದೇನೆ. ಫೋಟೋಗಳು ಈ ಪತ್ರದ ಜೊತೆಗಿವೆ. ಪ್ಯಾಕೆಟ್ ನೋಡಬೇಕಾದರೆ ಯಾರನ್ನಾದರೂ ಸಂಜೆ ಆರರ ಮೇಲೆ ಕಳಿಸಿ, ಮನೆಯಲ್ಲೇ ಇರುತ್ತೇನೆ.

ಇಂತಿ,
ಸುಮಾ
ಕುವೆಂಪುನಗರ, ಮೈಸೂರು