ನೋವಿಲ್ಲದ ಗಂಟು

ವೇದಿಕೆಯ ಮೇಲಿರುವ ಜಿಲ್ಲಾ ಸರ್ಜನ್ ಅವರಿಗೆ, ಎಲ್ಲ ವೈದ್ಯರಿಗೆ, ನರ್ಸ್‌ಗಳಿಗೆ, ಬೆಳಿಗ್ಗೆಯಿಂದ ಓಡಾಡುತ್ತಿರುವ ಆಶಾ ಕಾರ್ಯಕರ್ತೆಯರಿಗೆ, ಹಾವೇರಿಯ ಸುತ್ತಮುತ್ತಲಿನ ಹಳ್ಳಿಗಳಿಂದ ಬಂದಿರುವ ಅವ್ವಂದಿರಿಗೆ, ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ನನ್ನ ನಮಸ್ಕಾರ.

ಈಗಷ್ಟೇ ನನ್ನನ್ನು "ಕ್ಯಾನ್ಸರ್ ಗೆದ್ದ ಧೀರ ಮಹಿಳೆ" ಎಂದು ಪರಿಚಯಿಸಿದರು. ಪ್ರೀತಿಯಿಂದ ಹೇಳಿದ ಮಾತು, ಕೈಮುಗಿದು ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ವಾರ್ಡಿನಲ್ಲಿ, ಪಕ್ಕದ ಮಂಚದಲ್ಲೇ, ನನಗಿಂತ ಗಟ್ಟಿ ಮನಸ್ಸಿನ ಹೆಣ್ಣುಮಕ್ಕಳಿದ್ದರು. ಅವರಲ್ಲಿ ಕೆಲವರು ಇವತ್ತು ಇಲ್ಲ. ಅವರಿಗೆ ಧೈರ್ಯ ಕಡಿಮೆಯಿರಲಿಲ್ಲ. ಅವರ ಕಾಯಿಲೆ ಗೊತ್ತಾಗಿದ್ದು ತಡವಾಗಿ, ನನ್ನದು ಗೊತ್ತಾಗಿದ್ದು ಬೇಗ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಇಷ್ಟೇ. ಅದನ್ನು ಹೇಳಲಿಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ದಿನ 30 ವರ್ಷ ದಾಟಿದವರಿಗೆಲ್ಲ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಇತ್ತು. ಆಶಾ ಅಕ್ಕ ಶಾಲೆಯ ಬಾಗಿಲಿಗೇ ಬಂದು "ಟೀಚರ್, ನೀವೂ ಬರ್ರೀ, ನೀವು ಬಂದ್ರ ಉಳಿದೋರೂ ಬರ್ತಾರ" ಎಂದರು. ಹೋದೆ. ಪರದೆಯ ಹಿಂದೆ ಒಬ್ಬ ನರ್ಸಮ್ಮ, ಒಂದು ಮಂಚ. ಎಡಗೈ ತಲೆಯ ಕೆಳಗಿಟ್ಟು ಮಲಗಲು ಹೇಳಿ, ಮೂರು ಬೆರಳುಗಳ ತುದಿಯಿಂದ ಸಣ್ಣ ಸಣ್ಣ ಸುತ್ತು ಹಾಕುತ್ತಾ ಕಂಕುಳವರೆಗೆ ನೋಡಿದರು. ಒಂದು ಜಾಗದಲ್ಲಿ ಬೆರಳು ನಿಂತಿತು. ಮತ್ತೆ ಅಲ್ಲಿಗೇ ಬಂತು.

"ಇಲ್ಲಿ ನೋವು ಐತೇನ್ರೀ?"

"ಇಲ್ರೀ."

"ನೋವಿಲ್ಲಂತ ಬಿಡಬ್ಯಾಡ್ರಿ. ಈ ವಾರದಾಗ ದೊಡ್ಡ ದವಾಖಾನೀಗೆ ತೋರಿಸ್ರಿ."

ನೆನೆಸಿದ ಕಡಲೆಕಾಳಿನಷ್ಟು ಗಂಟು. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು, ಪಾಠ ಮಾಡುತ್ತಿದ್ದೆ. ಅವ್ವಂದಿರೇ, ಇದನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಸ್ತನದ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಹೊಲದ ಕೆಲಸ, ಮನೆಯ ಕೆಲಸ ಬಿಟ್ಟು ದವಾಖಾನೆಗೆ ಹೋಗಬೇಕಾದರೆ ನಮಗೆ ಎಲ್ಲಾದರೂ ನೋಯಬೇಕು. ಈ ಕಾಯಿಲೆ ಬೆಳೆಯುವುದೇ ನಮ್ಮ ಆ ರೂಢಿಯ ಮರೆಯಲ್ಲಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಹೆದರಬೇಡಿ. ಆದರೆ ಯಾವುದು ಹೌದು, ಯಾವುದು ಅಲ್ಲ ಎನ್ನುವುದನ್ನು ಮನೆಯಲ್ಲಿ ಕೂತು ತೀರ್ಮಾನಿಸಲು ಆಗುವುದಿಲ್ಲ.

ಆಮೇಲೆ ಹುಬ್ಬಳ್ಳಿಯಲ್ಲಿ ಮ್ಯಾಮೊಗ್ರಾಮ್ ಎನ್ನುವ ಸ್ತನದ ಎಕ್ಸ್‌ರೇ, ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ" ಎಂದು ಹೇಳಿದವರು ಬಹಳ ಜನ. ವೈದ್ಯರ ಮುಂದೆಯೇ ಹೇಳುತ್ತೇನೆ, ಈ ಭಯ ಬಿಡಿ. ಬಯಾಪ್ಸಿ ಮಾಡದೆ ಅದು ಕ್ಯಾನ್ಸರ್ ಹೌದೋ ಅಲ್ಲವೋ, ಯಾವ ತರಹದ್ದು, ಯಾವ ಔಷಧಿ ಕೊಡಬೇಕು ಎಂಬುದು ಯಾರಿಗೂ ಖಚಿತವಾಗಿ ತಿಳಿಯುವುದಿಲ್ಲ.

ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಯಿಂದ ಏನಾದೀತು ಎಂದು ಕೇಳುವವರಿದ್ದಾರೆ. ಮುಂಬೈನಲ್ಲಿ ಟಾಟಾ ಆಸ್ಪತ್ರೆಯವರು ಸುಮಾರು 1.5 ಲಕ್ಷ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಗರ್ಭಕೊರಳಿಗೆ ವಿನೆಗರ್‌ನಂಥ ದ್ರಾವಣ ಹಚ್ಚಿ ಬರಿಗಣ್ಣಿನಿಂದ ನೋಡುವ ಪರೀಕ್ಷೆಯಿಂದಲೇ ಆ ಕ್ಯಾನ್ಸರಿನ ಸಾವು 31% ಕಡಿಮೆಯಾಯಿತು. ಸ್ತನವನ್ನು ಕೈಯಿಂದ ಪರೀಕ್ಷಿಸಿದಾಗಲೂ ಕಾಯಿಲೆ ಮುಂಚಿನ ಹಂತದಲ್ಲೇ ಸಿಕ್ಕಿತು. ದೊಡ್ಡ ಯಂತ್ರ ಬೇಕಿರಲಿಲ್ಲ, ಕಲಿತ ಕೈ ಮತ್ತು ಕಣ್ಣು ಸಾಕಾಯಿತು. ಅದೇ ಪರೀಕ್ಷೆ ಇವತ್ತು ಈ ಕಟ್ಟಡದಲ್ಲಿ ದುಡ್ಡಿಲ್ಲದೆ ನಡೆಯುತ್ತಿದೆ. ಗರ್ಭಕೊರಳಿನ ಪರೀಕ್ಷೆಗೆ ನಾಚಿಕೆಯಾಗುವುದು ಸಹಜ, ನನಗೂ ಆಗಿತ್ತು. ಒಳಗೆ ಇರುವವರೆಲ್ಲ ಹೆಂಗಸರೇ, ಕೆಲವೇ ನಿಮಿಷದ ಕೆಲಸ. ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಬಗ್ಗೆಯೂ ಅಲ್ಲೇ ಕೇಳಿಕೊಳ್ಳಿ.

ಅಣ್ಣಂದಿರೇ, ಹೆಂಡತಿಯನ್ನು ಕರೆತಂದು ಹೊರಗೆ ನಿಂತರೆ ನಿಮ್ಮ ಕೆಲಸ ಮುಗಿಯಲಿಲ್ಲ. ಗುಟ್ಕಾ, ತಂಬಾಕು, ಬೀಡಿ ಅಭ್ಯಾಸ ಇದ್ದವರು ಬಾಯಿ ತೋರಿಸಲೇಬೇಕು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಖಾರ ತಡೆಯಲಾಗದ ಉರಿ, ಮೂರು ಬೆರಳು ಹೋಗುವಷ್ಟೂ ತೆರೆಯದ ಬಾಯಿ, ಇವನ್ನು ಮುಚ್ಚಿಟ್ಟುಕೊಳ್ಳಬೇಡಿ. ಬರೀ ಅಡಿಕೆ ತಾನೇ ಎನ್ನುತ್ತೀರಿ. ತಂಬಾಕು ಸೇರಿಸದಿದ್ದರೂ ಅಡಿಕೆ ಜಗಿಯುವುದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆಯುವ ನಾಡಿನವಳಾಗಿ ಈ ಮಾತು ಹೇಳುವುದು ನನಗೆ ಸುಲಭವಲ್ಲ, ಆದರೂ ಹೇಳುತ್ತೇನೆ.

ಇನ್ನು ಚಿಕಿತ್ಸೆಯ ದಿನಗಳ ಮಾತು. ಆಪರೇಷನ್‌ಗಿಂತ ಕೀಮೋ ಕಷ್ಟವಾಗಿತ್ತು. ಕೆಂಪು ಬಣ್ಣದ ಔಷಧಿ ಹನಿಹನಿಯಾಗಿ ರಕ್ತನಾಳಕ್ಕೆ ಇಳಿಯುತ್ತಿತ್ತು. ಬಾಯಿಗೆ ಏನಿಟ್ಟರೂ ತುಕ್ಕು ಹಿಡಿದ ಕಬ್ಬಿಣದ ರುಚಿ. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ನೋಡಲು ಬಂದ ಒಬ್ಬರು ನನ್ನ ಎದುರೇ ಕೂತು, ಇದೇ ಕಾಯಿಲೆಯಿಂದ ತೀರಿಕೊಂಡ ತಮ್ಮ ಬಂಧುಗಳ ಕತೆಯನ್ನೆಲ್ಲ ಹೇಳಿ ಅತ್ತು ಹೋದರು. ಇನ್ನೊಂದು ಮನೆಯಲ್ಲಿ ನಾನು ನೀರು ಕುಡಿದ ಲೋಟವನ್ನು ಬೇರೆ ಇಟ್ಟರು. "ಮಗಳ ಮದುವೆ ಆಗೋವರೆಗೂ ಯಾರಿಗೂ ಹೇಳಬ್ಯಾಡ" ಎಂದವರೂ ಇದ್ದರು. ಕ್ಯಾನ್ಸರ್ ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಅಂಟುವ ಕಾಯಿಲೆ ಅಲ್ಲ. ಯಾರದೋ ಪಾಪದ ಫಲವೂ ಅಲ್ಲ. ಆ ಲೋಟ ಕೊಟ್ಟಷ್ಟು ನೋವನ್ನು ನನಗೆ ಸೂಜಿ ಕೊಡಲಿಲ್ಲ.

ಹಾಗೆಯೇ ನನ್ನನ್ನು ಎತ್ತಿ ನಿಲ್ಲಿಸಿದವರ ಮಾತನ್ನೂ ಹೇಳಬೇಕು. ನಮ್ಮ ಶಾಲೆಯ ಬಿಸಿಯೂಟದ ಅಕ್ಕ, ಕೀಮೋ ಆದ ಮರುದಿನ ಬೆಳಿಗ್ಗೆ, ಉಪ್ಪು ಹಾಕಿದ ತೆಳು ರವೆ ಗಂಜಿಯನ್ನು ಸ್ಟೀಲ್ ಡಬ್ಬಿಯಲ್ಲಿ ತಂದಿಟ್ಟು, ಹೆಚ್ಚು ಮಾತಾಡದೆ ಪಾತ್ರೆ ತೊಳೆದಿಟ್ಟು ಹೋಗುತ್ತಿದ್ದರು. ನನ್ನ ತಮ್ಮ ಆಸ್ಪತ್ರೆಯ ಫೈಲು ಹಿಡಿದು ಪ್ರತಿ ಕೌಂಟರಿನ ಮುಂದೆ ನಿಂತ. ನಮ್ಮ ಯಜಮಾನರು ರಾತ್ರಿ ವಾಂತಿಯ ಬೇಸಿನ್ ಹಿಡಿದರು, ಬೆಳಿಗ್ಗೆ ಮಗಳ ಜಡೆ ಹಾಕಲು ಕಲಿತರು. ರೋಗಿಗೆ ಸಹಾಯ ಮಾಡಬೇಕು ಎನ್ನುವವರು "ಏನಾದರೂ ಬೇಕಾದರೆ ಹೇಳು" ಎಂದು ಹೋಗಬೇಡಿ. ರೋಗಿ ಕೇಳುವುದಿಲ್ಲ, ಸಂಕೋಚ. "ನಾಳೆ ನಿನ್ನ ಜೊತೆ ಬಸ್ಸಿಗೆ ನಾನು ಬರ್ತೀನಿ" ಎನ್ನಿ. ಒಂದು ದಿನ ಅವರ ಎಮ್ಮೆ ಕರೆಯಿರಿ, ಮಕ್ಕಳಿಗೆ ಬುತ್ತಿ ಕಟ್ಟಿ. ಕೀಮೋ ನಡುವೆ ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರದೆ ರಾತ್ರಿಯಾದರೂ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಕರೆತನ್ನಿ. ಆ ಸಮಯದಲ್ಲಿ ರಕ್ತದ ಬಿಳಿಕಣ ಕಡಿಮೆಯಿರುತ್ತದೆ, ಸಣ್ಣ ಸೋಂಕೂ ಜೀವಕ್ಕೆ ಅಪಾಯ.

ದುಡ್ಡಿನ ಚಿಂತೆಗೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟವರನ್ನು ನೋಡಿದ್ದೇನೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ರೈಲಿನಲ್ಲಿ ರೋಗಿಗೂ ಜೊತೆಗೆ ಹೋಗುವವರಿಗೂ ರಿಯಾಯಿತಿ ಇದೆ, ವೈದ್ಯರಿಂದ ಪ್ರಮಾಣಪತ್ರ ಪಡೆಯಬೇಕು. ರೇಷನ್ ಕಾರ್ಡ್, ಆಧಾರ್ ತಂದಿದ್ದರೆ ಹೊರಗಿನ ಆರೋಗ್ಯಮಿತ್ರರ ಟೇಬಲ್ಲಿನಲ್ಲಿ ಈಗಲೇ ವಿಚಾರಿಸಿ.

ಈ ಸಭೆ ಮುಗಿದ ಕೂಡಲೇ ಮೊದಲ ಮಹಡಿಯಲ್ಲಿ ಹೆಂಗಸರ ತಪಾಸಣೆ, ಕೆಳಗೆ ದಂತ ವಿಭಾಗದಲ್ಲಿ ಬಾಯಿಯ ತಪಾಸಣೆ ನಡೆಯುತ್ತದೆ. ಸಂಜೆ 4 ಗಂಟೆಯವರೆಗೂ ಇದೆ. ಮೇಲಿನ ಕೊಠಡಿಯ ಬಾಗಿಲ ಬಳಿ ಬೆಂಚಿನ ಮೇಲೆ ನಾನು ಕೂತಿರುತ್ತೇನೆ. ಒಬ್ಬರೇ ಒಳಗೆ ಹೋಗಲು ಅಂಜಿಕೆಯಾದರೆ ಹೇಳಿ, ಪರದೆಯವರೆಗೆ ಕೈಹಿಡಿದು ಬರುತ್ತೇನೆ. ಮಗುವನ್ನು ಎತ್ತಿಕೊಂಡು ಬಂದವರು ಮಗುವನ್ನು ನನ್ನ ಕೈಗೆ ಕೊಟ್ಟು ಹೋಗಿ. ಕೊನೆಯ ಸಾಲಿನಲ್ಲಿ ಕೂತಿರುವ ನಮ್ಮ ಶಾಲೆಯ ತಾಯಂದಿರೇ, ಬಸ್ಸಿಗೆ ಇನ್ನೂ ಹೊತ್ತಿದೆ, ಮೊದಲು ನೀವೇ ಬನ್ನಿ.

ನಮಸ್ಕಾರ.