ಎರಡು ದೇಶ, ಎರಡು ಸರಕು: ತುಲನಾತ್ಮಕ ಅನುಕೂಲದ ವಿವರಣೆ

ಎರಡೂ ಸರಕುಗಳನ್ನು ಕಡಿಮೆ ಶ್ರಮದಲ್ಲಿ ಉತ್ಪಾದಿಸಬಲ್ಲ ದೇಶವು ಮತ್ತೊಂದು ದೇಶದಿಂದ ಏನನ್ನಾದರೂ ಏಕೆ ಕೊಳ್ಳಬೇಕು? ಈ ಪ್ರಶ್ನೆಗೆ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಇಂಗ್ಲೆಂಡಿನ ಬಟ್ಟೆ ಮತ್ತು ಪೋರ್ಚುಗಲ್ಲಿನ ದ್ರಾಕ್ಷಾರಸದ ಉದಾಹರಣೆಯಿಂದ ಉತ್ತರಿಸಿದರು. ಶಿರಸಿಯ ತೋಟಿಗರಿಗೆ ಪರಿಚಿತವಾದ ಕಾಳುಮೆಣಸನ್ನೇ ತೆಗೆದುಕೊಂಡು ಅದೇ ತರ್ಕವನ್ನು ಇಲ್ಲಿ ವಿವರಿಸಲಾಗಿದೆ. ಕೆಳಗಿನ ಅಂಕಿಗಳು ಲೆಕ್ಕಕ್ಕಾಗಿ ಊಹಿಸಿಕೊಂಡವು.

| ಬೇಕಾಗುವ ಆಳಿನ ದಿನಗಳು | ಭಾರತ | ವಿಯೆಟ್ನಾಂ |
|---|---|---|
| 1 ಕ್ವಿಂಟಲ್ ಕಾಳುಮೆಣಸು | 60 | 20 |
| 1 ಬೇಲ್ ಬಟ್ಟೆ | 40 | 30 |
| ಲಭ್ಯವಿರುವ ಒಟ್ಟು ದಿನಗಳು | 2400 | 1200 |

ಎರಡೂ ಸರಕುಗಳಿಗೆ ವಿಯೆಟ್ನಾಮಿನಲ್ಲಿ ಕಡಿಮೆ ದಿನ ಸಾಕಾಗುವುದರಿಂದ ನಿರಪೇಕ್ಷ ಅನುಕೂಲ ಪೂರ್ತಿಯಾಗಿ ಅದರದೇ. ಅನೇಕರು ಎಡವುವುದು ಇಲ್ಲಿಯೇ: 60ನ್ನು 20ರೊಡನೆ ಹೋಲಿಸಿ ಲೆಕ್ಕ ಮುಗಿಯಿತೆಂದು ಭಾವಿಸುತ್ತಾರೆ. ವಾಸ್ತವವಾಗಿ ಹೋಲಿಸಬೇಕಾದದ್ದು ಅವಕಾಶ ವೆಚ್ಚವನ್ನು, ಅಂದರೆ ಒಂದು ಸರಕಿಗಾಗಿ ಅದೇ ದೇಶವು ಬಿಟ್ಟುಕೊಡುವ ಮತ್ತೊಂದು ಸರಕಿನ ಪ್ರಮಾಣವನ್ನು. ಒಂದು ಕ್ವಿಂಟಲ್ ಮೆಣಸಿಗಾಗಿ ಭಾರತವು 60 ÷ 40 = 1.5 ಬೇಲ್ ಬಟ್ಟೆಯನ್ನು ಬಿಡಬೇಕು. ವಿಯೆಟ್ನಾಂ 20 ÷ 30, ಅಂದರೆ ಸುಮಾರು 0.67 ಬೇಲ್ ಬಿಟ್ಟರೆ ಸಾಕು. ಬಟ್ಟೆಯ ಕಡೆಯಿಂದ ನೋಡಿದರೆ ಇದೇ ಲೆಕ್ಕ ತಿರುವುಮುರುವಾಗುತ್ತದೆ: ಒಂದು ಬೇಲಿಗೆ ಭಾರತ ಬಿಡುವುದು 0.67 ಕ್ವಿಂಟಲ್ ಮೆಣಸನ್ನು, ವಿಯೆಟ್ನಾಂ ಬಿಡುವುದು 1.5 ಕ್ವಿಂಟಲ್ ಅನ್ನು. ಆದ್ದರಿಂದ ಮೆಣಸಿನಲ್ಲಿ ವಿಯೆಟ್ನಾಮಿಗೂ ಬಟ್ಟೆಯಲ್ಲಿ ಭಾರತಕ್ಕೂ ತುಲನಾತ್ಮಕ ಅನುಕೂಲ, ಅಂದರೆ ಕಡಿಮೆ ಅವಕಾಶ ವೆಚ್ಚದ ಅನುಕೂಲವಿದೆ.

ವ್ಯಾಪಾರವಿಲ್ಲದಾಗ ಪ್ರತಿ ದೇಶವೂ ತನ್ನ ಶ್ರಮವನ್ನು ಎರಡು ಸರಕುಗಳಿಗೆ ಸಮನಾಗಿ ಹಂಚಿತೆನ್ನೋಣ. ಆಗ ಭಾರತದಲ್ಲಿ 20 ಕ್ವಿಂಟಲ್ ಮೆಣಸು ಮತ್ತು 30 ಬೇಲ್ ಬಟ್ಟೆ, ವಿಯೆಟ್ನಾಮಿನಲ್ಲಿ 30 ಕ್ವಿಂಟಲ್ ಮೆಣಸು ಮತ್ತು 20 ಬೇಲ್ ಬಟ್ಟೆ ತಯಾರಾಗುತ್ತವೆ. ಎರಡೂ ದೇಶ ಸೇರಿ ತಲಾ 50. ಪ್ರತಿ ದೇಶವೂ ತನಗೆ ಅನುಕೂಲವಿರುವ ಸರಕಿಗೇ ಪೂರ್ತಿ ಶ್ರಮ ಹಾಕಿದರೆ ಭಾರತ 60 ಬೇಲ್ ಬಟ್ಟೆಯನ್ನೂ ವಿಯೆಟ್ನಾಂ 60 ಕ್ವಿಂಟಲ್ ಮೆಣಸನ್ನೂ ಕೊಡುತ್ತವೆ. ಒಂದು ಆಳನ್ನೂ ಹೆಚ್ಚಿಸದೆ ಎರಡೂ ಸರಕುಗಳು ಹತ್ತು ಹತ್ತು ಹೆಚ್ಚಿದವು.

ಒಂದು ಕ್ವಿಂಟಲ್ ಮೆಣಸಿನ ವಿನಿಮಯ ದರ 0.67 ಮತ್ತು 1.5 ಬೇಲುಗಳ ನಡುವೆ ಇದ್ದರೆ ಮಾತ್ರ ಇಬ್ಬರಿಗೂ ಲಾಭ. ಒಂದಕ್ಕೆ ಒಂದರಂತೆ 25 ಬೇಲ್ ಬಟ್ಟೆ ಕೊಟ್ಟು 25 ಕ್ವಿಂಟಲ್ ಮೆಣಸು ಪಡೆದ ಭಾರತದ ಬಳಿ 35 ಬೇಲ್ ಮತ್ತು 25 ಕ್ವಿಂಟಲ್ ಇರುತ್ತವೆ. ವಿಯೆಟ್ನಾಮಿನ ಬಳಿ 35 ಕ್ವಿಂಟಲ್ ಮತ್ತು 25 ಬೇಲ್. ಎರಡೂ ದೇಶಗಳಿಗೆ ಪ್ರತಿ ಸರಕಿನಲ್ಲೂ 5 ಘಟಕ ಹೆಚ್ಚು ಸಿಕ್ಕಿತು.

ಈ ಮಾದರಿಯ ಒಂದು ಊಹೆಯನ್ನು ಮಾತ್ರ ನಿಂತು ಪರಿಶೀಲಿಸಬೇಕೆಂದು ನನಗೆ ಅನ್ನಿಸುತ್ತದೆ. ಶ್ರಮವು ಒಂದು ಕಸುಬಿನಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಸಾಗುತ್ತದೆ ಎಂದು ಅದು ನಂಬುತ್ತದೆ. ಆದರೆ ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಫಲಕ್ಕೆ ಬರಲು ವರ್ಷಗಳೇ ಬೇಕು, ಮರವೇರಿ ಕೊನೆ ಇಳಿಸುವ ಕೊನೆಗೌಡರು ಮರುದಿನವೇ ಮಗ್ಗದ ಮುಂದೆ ಕೂರಲಾರರು. ದೇಶಕ್ಕೆ ಬಂದ ಆ 5 ಕ್ವಿಂಟಲ್ ಮತ್ತು 5 ಬೇಲುಗಳಲ್ಲಿ ಮೆಣಸಿನ ಬೆಲೆ ಕುಸಿದ ತೋಟಿಗನಿಗೆ ಎಷ್ಟು ಸೇರಿತು ಎಂಬುದನ್ನು ಮೇಲಿನ ಕೋಷ್ಟಕದಿಂದ ಲೆಕ್ಕ ಹಾಕಲಾಗದು.