ಬಣ್ಣದ ಖರ್ಚು: ಕಾರ್ಯಸೂಚಿ ಮತ್ತು ನಡಾವಳಿ

ನಮ್ಮ 24 ಮನೆಗಳ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ, ಬೆಂಗಳೂರು. ಕಾರ್ಯಕಾರಿ ಸಮಿತಿ ಸಭೆ, ಭಾನುವಾರ ಬೆಳಿಗ್ಗೆ 10:30.

ಕಾರ್ಯಸೂಚಿ, ವಿಷಯ 3: ಹೊರಗೋಡೆಗೆ ಬಣ್ಣ ಹೊಡೆಸಲು ಮೀಸಲು ನಿಧಿಯಿಂದ ₹4,80,000 ಬಳಸಬೇಕೇ ಎಂಬ ಬಗ್ಗೆ ಚರ್ಚೆ, ತೀರ್ಮಾನ. (ಕರಡಿನಲ್ಲಿ "ಅಗತ್ಯವಾದ ಬಣ್ಣ" ಎಂದಿತ್ತು. ಅಗತ್ಯವೋ ಅಲ್ಲವೋ ಅಂತ ಹೇಳಬೇಕಾದ್ದು ಸಭೆ ಅಲ್ವಾ? ಆ ಪದ ತೆಗೆದಿದ್ದೇನೆ. – ಕಾರ್ಯದರ್ಶಿ)

ನಡಾವಳಿ, ವಿಷಯ 3: ಹಾಜರಿ 9ರಲ್ಲಿ 8. ನಿಧಿಯಲ್ಲಿ ₹6,20,000 ಇದೆ, ಈ ಖರ್ಚಾದರೆ ₹1,40,000 ಉಳಿಯುತ್ತದೆ ಎಂದು ಖಜಾಂಚಿಯವರು ಲೆಕ್ಕ ಕೊಟ್ಟರು.

ಪರವಾಗಿ ಮಾತಾಡಿದವರು: ಗೋಡೆ ಬಿರುಕುಗಳಿಂದ ಮೇಲಿನ ಮಹಡಿಯ 3 ಮನೆಗಳಿಗೆ ನೀರು ಇಳಿಯುತ್ತಿದೆ, ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಯಬೇಕು.

ವಿರುದ್ಧವಾಗಿ ಮಾತಾಡಿದವರು: ಬಿರುಕು ಮುಚ್ಚಿಸುವುದಕ್ಕೆ ವಿರೋಧವಿಲ್ಲ. ಆದರೆ ಸಂಪ್ ಸೋರುತ್ತಿದೆ, ಟ್ಯಾಂಕರ್ ಖರ್ಚು ಜಾಸ್ತಿ ಆಗಿದೆ, ಅದು ಮೊದಲು ಆಗಲಿ. ಒಂದೇ ಕೊಟೇಶನ್ ನೋಡಿ ಒಪ್ಪುವುದು ಸರಿಯಲ್ಲ.

ಮತ: ಪರ 4, ವಿರುದ್ಧ 3, ತಟಸ್ಥ 1. ಖರ್ಚಿಗೆ ಒಪ್ಪಿಗೆ ಸಿಕ್ಕಿತು. ಇನ್ನೆರಡು ಕೊಟೇಶನ್ ತರಿಸಿ, ಸರ್ವಸದಸ್ಯರ ಸಭೆ ಒಪ್ಪಿದ ಮೇಲೆಯೇ ಹಣ ಕೊಡಬೇಕೆಂದು ಎಂಟೂ ಜನ ಒಪ್ಪಿದರು.

ಭಿನ್ನಾಭಿಪ್ರಾಯವನ್ನು ದಾಖಲಿಸಲು ಮೂವರು ಕೇಳಿದರು. ಅವರ ಮಾತು, ಅವರೇ ಓದಿ ಒಪ್ಪಿದಂತೆ: "ಸಂಪ್ ರಿಪೇರಿಗೆ ಹಣ ಎತ್ತಿಡದೆ ನಿಧಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಖರ್ಚು ಮಾಡುವುದನ್ನು ನಾವು ಒಪ್ಪುವುದಿಲ್ಲ."

ಯಾರು ಗಟ್ಟಿಯಾಗಿ ಮಾತಾಡಿದರು ಎಂಬುದನ್ನು ಬರೆದಿಲ್ಲ. ತಿದ್ದುಪಡಿ ಇದ್ದರೆ 7 ದಿನದೊಳಗೆ ಬರೆದು ತಿಳಿಸಿ.